ಬಿಸಿಲಿಗೆ ಶಾಲೆಯ ವೇಳೆ ಬದಲಾದಾಗ: ಕೊಡಗಿನ ಪೋಷಕರಿಗೆ ಪ್ರಾಂಶುಪಾಲರ ಪತ್ರ ಬರೆಯುವ ಬಗೆ

ಮಳೆ ರಜೆಯ ಸಂದೇಶ ಬರೆಯಲು ಕೊಡಗಿನ ಯಾವ ಪ್ರಾಂಶುಪಾಲರಿಗೂ ಯಾರೂ ಕಲಿಸಬೇಕಾಗಿಲ್ಲ. ಜುಲೈ ತಿಂಗಳ ಬೆಳಗಿನಲ್ಲಿ ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ, ನಾವು ಅದನ್ನು ಪೋಷಕರ ಗುಂಪಿಗೆ ದಾಟಿಸುತ್ತೇವೆ, ಮಕ್ಕಳು ಮತ್ತೆ ಕಂಬಳಿ ಹೊದ್ದು ಮಲಗುತ್ತಾರೆ. ಎರಡು ಸಾಲಿನಲ್ಲಿ ಕೆಲಸ ಮುಗಿಯಿತು. ಬಿಸಿಲಿನ ಪತ್ರ ಹಾಗಲ್ಲ. ಇಲ್ಲಿ ಶಾಲೆ ಮುಚ್ಚುವುದಿಲ್ಲ, ವೇಳೆ ಮಾತ್ರ ಸರಿಯುತ್ತದೆ. ವೇಳೆ ಸರಿದರೆ ಬಸ್ಸು, ಬುತ್ತಿ, ತೋಟದ ಕೆಲಸಕ್ಕೆ ಹೋಗುವ ತಾಯಿ, ಮನೆಯ ಬೀಗದ ಕೈ ಎಲ್ಲವೂ ಅದರ ಜೊತೆ ಸರಿಯಬೇಕು. ಇದು ನನಗೆ ತಿಳಿದದ್ದು ನಾನೇ ಒಂದು ಕೆಟ್ಟ ಪತ್ರ ಬರೆದ ಮೇಲೆ.

ನಾನು ಪ್ರಾಂಶುಪಾಲನಾಗಿದ್ದ ಶಾಲೆ ತೋಟಗಳ ನಡುವೆ ಇತ್ತು. ಒಂದು ಏಪ್ರಿಲ್‌ನಲ್ಲಿ ಬಿಸಿಲು ಹತ್ತು ದಿನ ಬಿಡದೆ ಕಾದಾಗ, ಬಯಲುಸೀಮೆಯ ಗೆಳೆಯರೊಬ್ಬರು ತಮ್ಮ ಶಾಲೆಯ ಸುತ್ತೋಲೆ ಕಳುಹಿಸಿದರು. ನಾನು ಶಾಲೆಯ ಹೆಸರು ಬದಲಾಯಿಸಿ ಸಹಿ ಹಾಕಿದೆ: ‘ನಾಳೆಯಿಂದ ತರಗತಿಗಳು ಬೆಳಗ್ಗೆ 7.30ರಿಂದ ಮಧ್ಯಾಹ್ನ 12.30ರವರೆಗೆ ನಡೆಯುತ್ತವೆ. ಪೋಷಕರು ಸಹಕರಿಸಬೇಕು.’ ಮರುದಿನ ಬೆಳಗ್ಗೆ ಆರೂವರೆಗೆ ತೋಟದ ದಾರಿಯಲ್ಲಿ ನಿಂತಿದ್ದ ಮಕ್ಕಳ ಮುಂದೆ, ರಸ್ತೆಯ ತಿರುವಿನಲ್ಲಿ ಆನೆಗಳು ಕಾಡಿನ ಕಡೆ ದಾಟಿದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮಧ್ಯಾಹ್ನ 12.30ಕ್ಕೆ ನಡೆದು ಹೋಗುವ ಮಕ್ಕಳನ್ನು ನೆತ್ತಿಯ ಮೇಲಿನ ಸೂರ್ಯನ ಕೆಳಗೆ ಕಳುಹಿಸಿದೆ. ಲೈನ್‌ಮನೆಯ ಏಳೆಂಟು ಮಕ್ಕಳು ಬಾಗಿಲಿಗೆ ಬೀಗ ಕಂಡು ಶಾಲೆಗೇ ಹಿಂದಿರುಗಿ, ಸಂಜೆ ನಾಲ್ಕೂವರೆಯವರೆಗೆ ಜಗಲಿಯಲ್ಲಿ ಕುಳಿತಿದ್ದರು. ಪತ್ರದ ಒಂದು ವಾಕ್ಯದಲ್ಲಿ ಮೂರು ತಪ್ಪುಗಳು, ಮೂರೂ ಒಂದೇ ದಿನದಲ್ಲಿ ಬಯಲಾದವು.

ಹಾಗಾಗಿ ಈ ಮಾರ್ಗದರ್ಶಿ ಪತ್ರದ ಒಕ್ಕಣೆಯಿಂದ ಶುರುವಾಗುವುದಿಲ್ಲ. ವೇಳೆ ಸರಿಯಾಗಿ ಗೊತ್ತಾದರೆ ಪತ್ರ ತಾನಾಗಿ ಬರೆಸಿಕೊಳ್ಳುತ್ತದೆ.

ಮೊದಲು ವೇಳೆ ಗೊತ್ತುಮಾಡಿ

ಬಿಸಿಲು ಮತ್ತು ಬಿಸಿ ಎರಡು ಬೇರೆ ಸಂಗತಿಗಳು. ನೇರ ಬಿಸಿಲು ಅತಿ ಜೋರಾಗಿರುವುದು ಸೂರ್ಯ ನೆತ್ತಿಗೆ ಬಂದಾಗ. ನಮ್ಮ ದೇಶದ ಗಡಿಯಾರ ನಡೆಯುವುದು ಕೊಡಗಿಗಿಂತ ಎಷ್ಟೋ ಪೂರ್ವಕ್ಕಿರುವ ರೇಖಾಂಶದ ಲೆಕ್ಕದಲ್ಲಿ. ಆದ್ದರಿಂದ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆಗಲ್ಲ, ಸುಮಾರು 12.30ಕ್ಕೆ. ಏಪ್ರಿಲ್ 20 ದಾಟಿದ ಮೇಲಂತೂ ಒಂದು ದಿನ ಸೂರ್ಯ ಕೊಡಗಿನ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ಆ ಹೊತ್ತಿನಲ್ಲಿ ನೆರಳೇ ಇರುವುದಿಲ್ಲ. ಗಾಳಿಯ ಬಿಸಿ ಮಾತ್ರ ಅಲ್ಲಿಗೆ ನಿಲ್ಲದೆ ಇನ್ನೂ ಏರುತ್ತದೆ, ಸಾಮಾನ್ಯವಾಗಿ 2ರಿಂದ 4 ಗಂಟೆಯ ನಡುವೆ ತುದಿ ಮುಟ್ಟುತ್ತದೆ. ಇದರ ಅರ್ಥ ಇಷ್ಟೆ: ಮಧ್ಯಾಹ್ನ 2ಕ್ಕೆ ಕಾದ ತರಗತಿಯೊಳಗೆ ಕೂರಿಸುವುದೂ ತಪ್ಪು, 12.30ಕ್ಕೆ ರಸ್ತೆಗೆ ಬಿಡುವುದೂ ತಪ್ಪು. ಬೇಗ ಬಿಟ್ಟರೆ ಎಲ್ಲ ಸರಿಹೋಯಿತು ಎಂಬ ಲೆಕ್ಕ ನಡೆದು ಹೋಗುವ ಮಗುವಿಗೆ ಹೊಂದುವುದಿಲ್ಲ.

ತರಗತಿ ನಿಜವಾಗಿ ಎಷ್ಟು ಕಾಯುತ್ತದೆ ಎಂದು ಅಳೆದು ನೋಡಿ. ನಮ್ಮ ಶಾಲಾ ಕಟ್ಟಡಗಳನ್ನು ಮಳೆಗೆಂದು ಕಟ್ಟಿದ್ದಾರೆ: ಇಳಿಜಾರು ಮಾಡು, ಎರಚಲು ಹೊಡೆಯದಂತೆ ಸಣ್ಣ ಕಿಟಕಿ, ಎಷ್ಟೋ ಕೋಣೆಗಳಲ್ಲಿ ಫ್ಯಾನ್ ಇಲ್ಲ. ಹೆಂಚಿನ ಕೋಣೆಗೂ ಶೀಟಿನ ಕೋಣೆಗೂ ಮಧ್ಯಾಹ್ನ ದೊಡ್ಡ ಅಂತರ ಇರುತ್ತದೆ. ಒಂದು ಸಾಧಾರಣ ಗೋಡೆ ಥರ್ಮಾಮೀಟರ್ ತಂದು, ಗೋಡೆಗೆ ತಾಗದಂತೆ, ಕುಳಿತ ಮಗುವಿನ ತಲೆಯ ಎತ್ತರದಲ್ಲಿ ತೂಗುಹಾಕಿ. 10, 12 ಮತ್ತು 2 ಗಂಟೆಗೆ ಮೂರು ದಿನ ಬರೆದಿಡಿ. ಯಾವ ಕೋಣೆ ಖಾಲಿ ಮಾಡಬೇಕು, ಯಾವುದರಲ್ಲಿ ಮಕ್ಕಳನ್ನು ಸಂಜೆಯವರೆಗೆ ಇರಿಸಬಹುದು ಎಂಬುದು ಪ್ರತಿ ಕೋಣೆಯ ಈ ಒಂಬತ್ತು ಅಂಕಿಗಳಲ್ಲಿ ಸಿಗುತ್ತದೆ. ಆಡಳಿತ ಮಂಡಳಿಯವರು ‘ಹಿಂದೆ ನಾವೆಲ್ಲ ಓದಲಿಲ್ಲವೇ’ ಎಂದಾಗಲೂ ಈ ಹಾಳೆಯೇ ಮಾತನಾಡುತ್ತದೆ.

ಬೆಳಗಿನ ಮಿತಿಯನ್ನು ನಮಗೆ ಹಾಕಿಕೊಡುವುದು ಆನೆ. ಏಪ್ರಿಲ್‌ನಲ್ಲಿ ಸೂರ್ಯ ಹುಟ್ಟುವುದೇ ಸುಮಾರು 6.15ಕ್ಕೆ. ರಾತ್ರಿ ತೋಟಕ್ಕೆ ಇಳಿದ ಆನೆಗಳು ಕಾಡಿಗೆ ಮರಳುವ ಹೊತ್ತೂ ಅದೇ ಆಸುಪಾಸು. 7.30ಕ್ಕೆ ಗಂಟೆ ಹೊಡೆಯುವ ಶಾಲೆಗೆ ದೂರದ ಮಗು 6.30ಕ್ಕೆ ಮನೆ ಬಿಡಬೇಕು. ಸಿದ್ದಾಪುರ, ತಿತಿಮತಿ ಕಡೆಯ ಪೋಷಕರ ಮುಂದೆ ಈ ವೇಳೆ ಇಟ್ಟರೆ ಅವರು ಮೊದಲು ಕೇಳುವುದು ಇದನ್ನೇ. ನಿಮ್ಮ ಬಸ್ ಹೋಗುವ ದಾರಿಗಳಲ್ಲಿ ಆನೆ ಓಡಾಟ ಹೇಗಿದೆ ಎಂದು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರನ್ನೂ ನಿಮ್ಮ ಬಸ್ ಚಾಲಕರನ್ನೂ ಕೇಳಿ. ಚಾಲಕರಿಗೆ ತಿರುವು ತಿರುವಿನ ಲೆಕ್ಕ ಗೊತ್ತಿರುತ್ತದೆ.

ಇನ್ನು ಒಂದು ಉದಾಹರಣೆ ತೆಗೆದುಕೊಂಡು ಕೊನೆಯವರೆಗೆ ಹೋಗೋಣ. ಏಪ್ರಿಲ್ ಮೊದಲಲ್ಲೇ ಹೊಸ ವರ್ಷದ ತರಗತಿ ಶುರುಮಾಡುವ ಕೇಂದ್ರ ಪಠ್ಯಕ್ರಮದ ಒಂದು ಖಾಸಗಿ ಶಾಲೆ. (ರಾಜ್ಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆಗೆ ಹತ್ತಿರವಾಗಿರುತ್ತವೆ, ಅವರಿಗೆ ಈ ತಲೆನೋವು ಮಾರ್ಚ್‌ನಲ್ಲಿ.) ಅಲ್ಲಿನ ಎಂದಿನ ವೇಳೆ 9.30ರಿಂದ 3.45. ಶನಿವಾರ ಮಾತ್ರ 8.15ರಿಂದ 11.45. ಈ ಶನಿವಾರದ ವೇಳೆ ಚಿನ್ನದಂತಹದು. ಬಸ್ಸು ಶನಿವಾರ ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಪ್ರತಿ ಮನೆಯಲ್ಲೂ ಬಾಯಿಪಾಠ. ಹೊಸ ವೇಳಾಪಟ್ಟಿ ಹುಡುಕುವುದಕ್ಕಿಂತ, ಎಲ್ಲ ದಿನಗಳನ್ನೂ ಬೆಳಗಿನ ಮಟ್ಟಿಗೆ ಶನಿವಾರವಾಗಿಸಿದರೆ ಅರ್ಧ ಗೊಂದಲ ತಪ್ಪುತ್ತದೆ. ಆದ್ದರಿಂದ ಆರಂಭ 8.15. ಆಗ ದೂರದ ಮಗುವೂ ಏಳೂಕಾಲರ ನಂತರವೇ ರಸ್ತೆಗೆ ಬರುತ್ತದೆ.

ಮುಕ್ತಾಯ 1 ಗಂಟೆಗೆ. ಬಸ್ಸಿನಲ್ಲಿ ಹೋಗುವವರೂ ಮನೆಯವರು ಬಂದು ಕರೆದೊಯ್ಯುವವರೂ ಆಗ ಹೋಗುತ್ತಾರೆ. ನಡೆದು ಹೋಗುವ ಮಕ್ಕಳು ಮತ್ತು ಹಗಲಲ್ಲಿ ಮನೆಗೆ ಬೀಗವಿರುವ ಮಕ್ಕಳು ಶಾಲೆಯ ಅತಿ ತಂಪಾದ ಹೆಂಚಿನ ಕೋಣೆಯಲ್ಲಿ 4.15ರವರೆಗೆ ಇರುತ್ತಾರೆ. ಇಬ್ಬರು ಶಿಕ್ಷಕರು ಸರದಿಯ ಮೇಲೆ ಅವರೊಂದಿಗೆ. ಇದು ತರಗತಿಯಲ್ಲ, ಊಟ, ಓದು, ಚಿತ್ರ, ಬೇಕಾದರೆ ನಿದ್ದೆ. ಈ ಕೋಣೆಯ ಏರ್ಪಾಡು ಆಗದಿದ್ದರೆ ವೇಳೆ ಬದಲಾಯಿಸಲೇ ಬೇಡಿ ಎನ್ನುವಷ್ಟು ದೂರ ನಾನು ಹೋಗುತ್ತೇನೆ.

ಅನುಮತಿ ಮತ್ತು ಪಾಠದ ಲೆಕ್ಕ

ವೇಳೆ ಬದಲಾವಣೆ ಪ್ರಾಂಶುಪಾಲರ ಸ್ವಂತ ಇಚ್ಛೆಯ ವಿಷಯವಲ್ಲ. ಸರ್ಕಾರಿ ಶಾಲೆಯಾದರೆ ಇಲಾಖೆಯ ಆದೇಶ ಇಲ್ಲದೆ ಪತ್ರ ಹೊರಡಬಾರದು. ಖಾಸಗಿ ಶಾಲೆಯೂ ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳುವುದು ಕ್ಷೇಮ. ಜಿಲ್ಲಾಡಳಿತದಿಂದ ಬೇರೆ ಆದೇಶ ಬಂದರೆ ಅದೇ ಅಂತಿಮ ಎಂಬ ಸಾಲನ್ನು ಪತ್ರದಲ್ಲಿ ಇಡಿ. ಮಳೆ ರಜೆಗೆ ಒಗ್ಗಿರುವ ನಮ್ಮ ಪೋಷಕರಿಗೆ ಈ ಮಾತು ಹೊಸದಲ್ಲ.

ಸರ್ಕಾರಿ ಶಾಲೆಯವರು ಇನ್ನೊಂದನ್ನು ಮರೆಯಬಾರದು: ಮಕ್ಕಳನ್ನು ಬೇಗ ಬಿಟ್ಟ ಮಾತ್ರಕ್ಕೆ ಬಿಸಿಯೂಟ ಬಿಟ್ಟುಹೋಗಬಾರದು. ಉಂಡೇ ಹೊರಡುತ್ತಾರೆ ಎಂದು ಪತ್ರದಲ್ಲಿ ಬರೆಯಿರಿ, ಅಡುಗೆಯವರಿಗೆ ಒಂದು ದಿನ ಮುಂಚೆ ಹೇಳಿ.

ಈಗ ಪಾಠದ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ; 6ರಿಂದ 8ಕ್ಕೆ 220 ದಿನ, 1,000 ಗಂಟೆ ಬೋಧನೆ ಕೇಳುತ್ತದೆ. ದಿನಗಳು ಇಲ್ಲಿ ಕಳೆಯುವುದಿಲ್ಲ, ಗಂಟೆಗಳು ಕಳೆಯುತ್ತವೆ. ನಮ್ಮ ಉದಾಹರಣೆಯ ಶಾಲೆಯಲ್ಲಿ ಎಂದಿನ ದಿನ 40 ನಿಮಿಷದ 7 ಅವಧಿಗಳು, ಅಂದರೆ 280 ನಿಮಿಷ. ಹೊಸ ವೇಳೆಯಲ್ಲಿ 8.15ರಿಂದ 1ರವರೆಗೆ ಸಿಗುವುದು 285 ನಿಮಿಷ. ಅದರಲ್ಲಿ ತರಗತಿಯೊಳಗೇ 5 ನಿಮಿಷದ ಪ್ರಾರ್ಥನೆ, 20 ನಿಮಿಷದ ತಿಂಡಿ ವಿರಾಮ, 10 ನಿಮಿಷದ ಎರಡು ನೀರಿನ ವಿರಾಮ ಹೋದರೆ 240 ನಿಮಿಷ, ಅಂದರೆ 6 ಅವಧಿ. ದಿನಕ್ಕೆ ಕಳೆದುಹೋಗುವುದು ಒಂದೇ ಅವಧಿ.

ನೀರಿನ ವಿರಾಮವನ್ನು ಕತ್ತರಿಸಿ ಏಳನೇ ಅವಧಿ ತುರುಕುವ ಆಸೆ ಹುಟ್ಟುತ್ತದೆ, ಬೇಡ. ಅದು ನೀರು ಕುಡಿಯಲು ಮಾತ್ರವಲ್ಲ, ಶೌಚಾಲಯಕ್ಕೆ ಹೋಗಲು. ಶೌಚಾಲಯಕ್ಕೆ ಬಿಡುವು ಸಿಗದು ಎಂದು ಗೊತ್ತಾದರೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬೆಳಗ್ಗೆ ತುಂಬಿಸಿ ತಂದ ಬಾಟಲಿ ಸಂಜೆ ಹಾಗೆಯೇ ಮನೆಗೆ ಹೋದರೆ ಕಾರಣ ಇದೇ ಎಂದು ತಿಳಿಯಿರಿ.

ಬದಲಾದ ವೇಳೆ ಏಪ್ರಿಲ್ 6ರ ಸೋಮವಾರದಿಂದ 17ರ ಶುಕ್ರವಾರದವರೆಗೆ ಎಂದಿಟ್ಟುಕೊಳ್ಳಿ. 14ರಂದು ಅಂಬೇಡ್ಕರ್ ಜಯಂತಿಯ ರಜೆ. ಎಡಮ್ಯಾರ್ ಹಬ್ಬದ ಮನೆಗಳಲ್ಲಿ ಹೇಗೂ ಅಂದು ಮಕ್ಕಳು ಬರುತ್ತಿರಲಿಲ್ಲ. ನಡುವಿನ ಶನಿವಾರ ಎಂದಿನಂತೆ. ಉಳಿದದ್ದು 9 ದಿನ, 9 ಅವಧಿ, ಸರಿಯಾಗಿ 6 ಗಂಟೆ. ಮೂರು ಶನಿವಾರ ಮೂರು ಮೂರು ಅವಧಿ ಹೆಚ್ಚಿಗೆ ನಡೆಸಿದರೆ ಲೆಕ್ಕ ಚುಕ್ತಾ.

ಯಾವ ಶನಿವಾರ? ‘ಜೂನ್, ಜುಲೈನಲ್ಲಿ ಸರಿದೂಗಿಸುತ್ತೇವೆ’ ಎಂದು ಬರೆದರೆ ಕೊಡಗಿನ ಪೋಷಕರು ಓದಿ ನಗುತ್ತಾರೆ. ಆ ತಿಂಗಳುಗಳೇ ಮಳೆ ರಜೆಯ ಸಾಲದಲ್ಲಿ ಮುಳುಗಿರುತ್ತವೆ. ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತ ಕಳೆದ ಮೇಲಿನ ಮೂರು ಶನಿವಾರಗಳು ಎಂದು ಬರೆಯಿರಿ. ಐದು ತಿಂಗಳ ಮುಂಚೆ ಇಷ್ಟು ಖಚಿತವಾಗಿ ಹೇಳಿದರೆ ಪಾಠ ಹಿಂದೆ ಬೀಳುತ್ತದೆ ಎಂದು ಯಾರೂ ಫೋನ್ ಮಾಡುವುದಿಲ್ಲ.

ಪತ್ರದಲ್ಲಿ ಯಾವ ಮಾತು, ಯಾವ ಕ್ರಮ

ಪತ್ರ ಒಂದೇ ಪುಟದ್ದಾಗಿರಲಿ. ಮೊದಲ ಎರಡು ಸಾಲಿನಲ್ಲಿ ವೇಳೆಯೂ ದಿನಾಂಕವೂ ಬಂದುಬಿಡಬೇಕು. ಜಾಗತಿಕ ತಾಪಮಾನದಿಂದ ಶುರುಮಾಡಿ ಮೂರನೇ ಪ್ಯಾರಾದಲ್ಲಿ ವೇಳೆ ಹೇಳುವ ಪತ್ರಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅವನ್ನು ಯಾರೂ ಅಲ್ಲಿಯವರೆಗೆ ಓದುವುದಿಲ್ಲ.

ಕಾರಣ ಹೇಳುವಾಗ ಪದ ನೋಡಿ ಬಳಸಿ. ‘ಬಿಸಿಗಾಳಿ’ ಎಂಬುದು ಹವಾಮಾನ ಇಲಾಖೆಯ ಲೆಕ್ಕದ ಮಾತು. ಬಯಲಿನಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ, ಬೆಟ್ಟ ಪ್ರದೇಶದಲ್ಲಿ 30 ಡಿಗ್ರಿ ಮುಟ್ಟಿದ ಮೇಲೆ, ಅದು ವಾಡಿಕೆಗಿಂತ ಎಷ್ಟು ಹೆಚ್ಚಿದೆ ಎಂದು ನೋಡುತ್ತಾರೆ, 4.5 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಿಸಿಗಾಳಿ. ಇಲಾಖೆ ನಮ್ಮ ಜಿಲ್ಲೆಗೆ ಎಚ್ಚರಿಕೆ ಕೊಟ್ಟಿದ್ದರೆ ಅದರ ದಿನಾಂಕ ಬರೆದು ಆ ಪದ ಬಳಸಿ. ಕೊಟ್ಟಿಲ್ಲದಿದ್ದರೆ ‘ತೀವ್ರ ಬಿಸಿಲು’ ಎನ್ನಿ, ನಿಮ್ಮ ಕೋಣೆಯ ಅಂಕಿ ಕೊಡಿ. ಇಲ್ಲದ ಎಚ್ಚರಿಕೆಯನ್ನು ಇದೆ ಎಂದು ಬರೆದರೆ ಮುಂದಿನ ಪತ್ರವನ್ನು ಯಾರೂ ನಂಬುವುದಿಲ್ಲ. ಮಡಿಕೇರಿಯ ಪೋಷಕರಿಗೆ ‘ಇಲ್ಲೆಂಥ ಬಿಸಿಲು’ ಅನ್ನಿಸುವುದೂ, ಕುಶಾಲನಗರದವರಿಗೆ ಬೆಳಗ್ಗೆ ಹತ್ತಕ್ಕೇ ಬೆವರು ಹರಿಯುವುದೂ ಒಂದೇ ದಿನ ನಡೆಯಬಹುದು. ನಿಮ್ಮ ತರಗತಿಯೊಳಗಿನ ಅಂಕಿ ಇಬ್ಬರಿಗೂ ಒಂದೇ.

‘ಸಹಕರಿಸಬೇಕು’ ಎಂಬ ಮಾತಿನಿಂದ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಬುಧವಾರದೊಳಗೆ ಚೀಟಿ ತುಂಬಿ ಕಳುಹಿಸಿ’ ಎಂದರೆ ತಿಳಿಯುತ್ತದೆ. ‘ಸಾಕಷ್ಟು ನೀರು’ ಎನ್ನುವ ಬದಲು ‘ಒಂದು ಲೀಟರ್ ಬಾಟಲಿ’ ಎನ್ನಿ.

ವಾಕ್ಯಗಳು ಚಿಕ್ಕವಿರಲಿ, ಏಕೆಂದರೆ ಈ ಪತ್ರವನ್ನು ಅನೇಕ ಮನೆಗಳಲ್ಲಿ ಮಗುವೇ ಓದಿ ಹೇಳುತ್ತದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು ಮಾತನಾಡುವವರು ನಮ್ಮ ಪೋಷಕರು. ಈಚೆಗೆ ಅಸ್ಸಾಂ ಕಡೆಯಿಂದ ತೋಟಗಳಿಗೆ ಬಂದ ಕುಟುಂಬಗಳೂ ಇವೆ. ಐದನೇ ತರಗತಿಯ ಮಗುವಿಗೆ ಪತ್ರ ಕೊಟ್ಟು ಓದಿಸಿ, ಏನು ತಿಳಿಯಿತು ಎಂದು ಕೇಳಿ. ಮಗು ತಡವರಿಸಿದ ವಾಕ್ಯವನ್ನು ಒಡೆಯಿರಿ. ನನ್ನ ಎರಡನೇ ಪತ್ರವನ್ನು ಹೀಗೆ ಓದಿದ ಹುಡುಗಿ ‘ಪರಿಷ್ಕೃತ ವೇಳಾಪಟ್ಟಿ’ಯಲ್ಲಿ ಸಿಕ್ಕಿಕೊಂಡಳು, ಅದನ್ನು ‘ಹೊಸ ವೇಳೆ’ ಮಾಡಿದೆ.

ನಮ್ಮ ಉದಾಹರಣೆಯ ಶಾಲೆಗೆ ಬರೆದ ಪೂರ್ತಿ ಪತ್ರ ಹೀಗಿರುತ್ತದೆ. ತಾಪಮಾನದ ಅಂಕಿಗಳು ಮಾದರಿಗೆ ಮಾತ್ರ, ನಿಮ್ಮದನ್ನು ಹಾಕಿಕೊಳ್ಳಿ.

> ದಿನಾಂಕ: ಏಪ್ರಿಲ್ 1
>
> ವಿಷಯ: ಬಿಸಿಲಿನ ಕಾರಣ ತರಗತಿಯ ವೇಳೆ ಬದಲಾವಣೆ (ಏಪ್ರಿಲ್ 6ರಿಂದ 17)
>
> ಮಾನ್ಯ ಪೋಷಕರೇ,
>
> ಏಪ್ರಿಲ್ 6, ಸೋಮವಾರದಿಂದ ಏಪ್ರಿಲ್ 17, ಶುಕ್ರವಾರದವರೆಗೆ ತರಗತಿಗಳು ಬೆಳಗ್ಗೆ 8.15ಕ್ಕೆ ಆರಂಭವಾಗಿ ಮಧ್ಯಾಹ್ನ 1.00ಕ್ಕೆ ಮುಗಿಯುತ್ತವೆ. ಏಪ್ರಿಲ್ 11, ಶನಿವಾರ ಎಂದಿನಂತೆ 8.15ರಿಂದ 11.45. ಏಪ್ರಿಲ್ 14 ರಜೆ.
>
> ಎರಡು ವಾರಗಳಿಂದ ಬಿಸಿಲು ತೀವ್ರವಾಗಿದೆ. ಕಳೆದ ಮೂರು ದಿನ ಶೀಟಿನ ಮಾಡಿರುವ ನಮ್ಮ ತರಗತಿಗಳಲ್ಲಿ ಮಧ್ಯಾಹ್ನ 2 ಗಂಟೆಗೆ 36 ಡಿಗ್ರಿ ಇತ್ತು. ಬೆಳಗ್ಗೆ 10ಕ್ಕೆ 29 ಡಿಗ್ರಿ ಇತ್ತು. ಆದ್ದರಿಂದ ಪಾಠಗಳನ್ನು ಬೆಳಗಿನ ಹೊತ್ತಿಗೆ ತಂದಿದ್ದೇವೆ. ಆನೆ ಓಡಾಟವಿರುವುದರಿಂದ ಇದಕ್ಕಿಂತ ಬೇಗ ಆರಂಭಿಸುವುದಿಲ್ಲ.
>
> ಬೆಳಗಿನ ಬಸ್: ಶನಿವಾರ ಬರುವ ವೇಳೆಗೇ ಪ್ರತಿದಿನ ಬರುತ್ತದೆ. ಬಸ್ಸಿಗಾಗಿ ಮಕ್ಕಳನ್ನು ಒಂಟಿಯಾಗಿ ನಿಲ್ಲಿಸಬೇಡಿ. ದಾರಿಯಲ್ಲಿ ಆನೆ ಇದ್ದು ತಡವಾದರೆ ಹಾಜರಾತಿ ಕಳೆಯುವುದಿಲ್ಲ.
>
> ಮಧ್ಯಾಹ್ನ: 1.00ಕ್ಕೆ ಎಲ್ಲ ಬಸ್‌ಗಳೂ ಹೊರಡುತ್ತವೆ. ನಡೆದು ಹೋಗುವ ಮಕ್ಕಳನ್ನು ಆ ಹೊತ್ತಿನಲ್ಲಿ ಕಳುಹಿಸುವುದಿಲ್ಲ. ಅವರು, ಮತ್ತು ಮನೆಯಲ್ಲಿ ದೊಡ್ಡವರಿಲ್ಲದ ಮಕ್ಕಳು, ಶಿಕ್ಷಕರ ಜೊತೆ ಶಾಲೆಯಲ್ಲೇ ಇರುತ್ತಾರೆ. 4.15ಕ್ಕೆ ಅವರನ್ನು ಬಿಡುತ್ತೇವೆ. ಅಲ್ಲಿಯವರೆಗೆ ಉಳಿಯುವ ಬಸ್ ಮಕ್ಕಳಿಗೆ ಒಂದು ಬಸ್ ಇರುತ್ತದೆ. ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ.
>
> ಮಕ್ಕಳ ಕೈಯಲ್ಲಿ ಕಳುಹಿಸಿ: ಒಂದು ಲೀಟರ್ ನೀರಿನ ಬಾಟಲಿ, 9.40ರ ವಿರಾಮಕ್ಕೆ ತಿಂಡಿ, ಕೊಡೆ. 4.15ರವರೆಗೆ ಇರುವ ಮಕ್ಕಳಿಗೆ ಮಧ್ಯಾಹ್ನದ ಬುತ್ತಿ. ಟೈ ಬೇಡ. ಶೂ ಬದಲು ಚಪ್ಪಲಿ ಹಾಕಬಹುದು.
>
> ಜ್ವರ, ವಾಂತಿ, ಭೇದಿ ಇರುವ ಮಗುವನ್ನು ಕಳುಹಿಸಬೇಡಿ. ಕರೆ ಮಾಡಿ ತಿಳಿಸಿದರೆ ಸಾಕು.
>
> ಈ ದಿನಗಳಲ್ಲಿ 9 ಅವಧಿಯ ಪಾಠ ಕಡಿಮೆಯಾಗುತ್ತದೆ. ಕೈಲ್ ಮುಹೂರ್ತದ ನಂತರದ ಮೂರು ಶನಿವಾರ ಅದನ್ನು ಮಾಡಿ ಮುಗಿಸುತ್ತೇವೆ.
>
> ನಡುವೆ ಮಳೆ ಬಂದರೂ 17ರವರೆಗೆ ಇದೇ ವೇಳೆ. ಮುಂದೆ ಏನು ಎಂಬುದನ್ನು 16ರ ಸಂಜೆಯೊಳಗೆ ತಿಳಿಸುತ್ತೇವೆ. ಜಿಲ್ಲಾಡಳಿತದ ಆದೇಶ ಬಂದರೆ ಅದರಂತೆ ನಡೆಯುತ್ತೇವೆ.
>
> ಕೆಳಗಿನ ಚೀಟಿಯನ್ನು ತುಂಬಿ ಏಪ್ರಿಲ್ 4, ಶನಿವಾರದೊಳಗೆ ಕಳುಹಿಸಿ.
>
> ಇಂತಿ ತಮ್ಮ,
> ಪ್ರಾಂಶುಪಾಲರು
>
> – – – – – – – –
>
> ಮಗುವಿನ ಹೆಸರು ಮತ್ತು ತರಗತಿ: ________
> ☐ 1.00ಕ್ಕೆ ಬಸ್ಸಿನಲ್ಲಿ ಬರುತ್ತದೆ. ನಿಲ್ದಾಣದಲ್ಲಿ ಇರುವವರು: ________
> ☐ 1.00ಕ್ಕೆ ನಾವೇ ಬಂದು ಕರೆದೊಯ್ಯುತ್ತೇವೆ.
> ☐ 4.15ರವರೆಗೆ ಶಾಲೆಯಲ್ಲಿ ಇರಲಿ.
> ಹಗಲಲ್ಲಿ ಸಿಗುವ ಫೋನ್ ಸಂಖ್ಯೆ: ________ ಸಹಿ: ________

ಕೊಡೆ ಎಂದದ್ದಕ್ಕೆ ಒಂದು ಮಾತು. ನಮ್ಮಲ್ಲಿ ಕೊಡೆ ಅಟ್ಟದಿಂದ ಇಳಿಯುವುದು ಜೂನ್‌ಗೆ. ಬಿಸಿಲಿಗೆ ಕೊಡೆ ಹಿಡಿಯಲು ಎಂಟನೇ ತರಗತಿಯ ಹುಡುಗರು ನಾಚುತ್ತಾರೆ. ಮೊದಲ ದಿನ ಪ್ರಾಂಶುಪಾಲರೇ ಕೊಡೆ ಹಿಡಿದು ಗೇಟಿನಲ್ಲಿ ನಿಂತರೆ ಆ ನಾಚಿಕೆ ಅಲ್ಲಿಗೆ ಮುಗಿಯುತ್ತದೆ. ನಾನು ನಿಂತಿದ್ದೆ.

‘ಹಗಲಲ್ಲಿ ಸಿಗುವ ಫೋನ್’ ಎಂದು ಬರೆದದ್ದೂ ಸುಮ್ಮನೆ ಅಲ್ಲ. ದಾಖಲಾತಿಯಲ್ಲಿ ಇರುವ ಸಂಖ್ಯೆ ತಂದೆಯದು. ತಂದೆ ತೋಟದ ಒಳಗೆ, ಅಲ್ಲಿ ಸಿಗ್ನಲ್ ಇಲ್ಲ. ತೋಟದ ರೈಟರ ಸಂಖ್ಯೆಯೋ ಪಕ್ಕದ ಅಂಗಡಿಯದೋ ಇದ್ದರೆ ಕೆಲಸಕ್ಕೆ ಬರುತ್ತದೆ.

ಪತ್ರ ಮನೆ ಮುಟ್ಟುವುದು

ಏಪ್ರಿಲ್ 1ರ ಪತ್ರ, 6ರಿಂದ ಜಾರಿ: ನಡುವೆ ಐದು ದಿನ. ಅದಕ್ಕಿಂತ ಕಡಿಮೆ ಆದರೆ ತೋಟದ ಕೆಲಸಕ್ಕೆ ಹೋಗುವ ತಾಯಿಗೆ ಬೇರೆ ಏರ್ಪಾಡು ಮಾಡಿಕೊಳ್ಳಲು ಆಗುವುದಿಲ್ಲ. ಕಾಗದದ ಪ್ರತಿ ಮಗುವಿನ ಚೀಲದಲ್ಲಿ ಹೋಗಲಿ. ಅದೇ ದಿನ ಪೋಷಕರ ವಾಟ್ಸಾಪ್ ಗುಂಪಿಗೆ ಪತ್ರದ ಚಿತ್ರದ ಜೊತೆ ಒಂದು ನಿಮಿಷದ ಧ್ವನಿ ಸಂದೇಶ ಹಾಕಿ; ವೇಳೆ, ದಿನಾಂಕ, ಚೀಟಿ, ಈ ಮೂರನ್ನೇ ಹೇಳಿ. ಕೊಡವ ತಕ್ಕ್ ಅಥವಾ ಮಲಯಾಳ ಬಲ್ಲ ಶಿಕ್ಷಕರಿಂದ ಅದನ್ನೇ ಇನ್ನೊಮ್ಮೆ ಹೇಳಿಸಿದರೆ ಇನ್ನೂ ಒಳ್ಳೆಯದು. ಒಂದೊಂದು ಪ್ರತಿಯನ್ನು ಬಸ್ ಚಾಲಕರಿಗೂ ಬಸ್ಸಿನ ಆಯಾಗೂ ಕೊಡಿ. ಸಂಶಯ ಬಂದಾಗ ಪೋಷಕರು ಕೇಳುವುದು ನಿಮ್ಮನ್ನಲ್ಲ, ಅವರನ್ನು.

ಚೀಟಿಗಳು ಬಂದ ಮೇಲೆ ನಿಜವಾದ ಕೆಲಸ. 4ರ ಸಂಜೆ ಎಣಿಸಿ. ಬಾರದ ಚೀಟಿಯ ಮಗುವನ್ನು ‘4.15ರವರೆಗೆ ಇರಲಿ’ ಪಟ್ಟಿಗೆ ಸೇರಿಸಿ. ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ 1 ಗಂಟೆಗೆ ಬಿಡಬೇಡಿ. ‘1.00ಕ್ಕೆ ಬಸ್’ ಎಂದು ಗುರುತು ಹಾಕಿ, ನಿಲ್ದಾಣದಲ್ಲಿ ಇರುವವರ ಹೆಸರಿನ ಜಾಗ ಖಾಲಿ ಬಿಟ್ಟಿರುವ ಚೀಟಿಗಳನ್ನು ಬೇರೆ ತೆಗೆದಿಡಿ. ಬೀಗ ಹಾಕಿದ ಮನೆಗಳು ಬಹುತೇಕ ಅಲ್ಲಿಯೇ ಅಡಗಿರುತ್ತವೆ. ಆ ಮನೆಗಳಿಗೆ ತರಗತಿ ಶಿಕ್ಷಕರು ಒಂದು ಕರೆ ಮಾಡಲಿ.

ಬಸ್ಸಿನೊಳಗಿನ ಬಿಸಿಯ ವಿಷಯ ಪೋಷಕರ ಪತ್ರದಲ್ಲಿ ಬೇಕಿಲ್ಲ, ಚಾಲಕರ ಚೀಟಿಯಲ್ಲಿ ಬೇಕು. ಬೆಳಗ್ಗೆಯಿಂದ ಬಯಲಲ್ಲಿ ನಿಂತ ಬಸ್ 1 ಗಂಟೆಗೆ ಒಲೆಯಂತಾಗಿರುತ್ತದೆ. ಮರದ ನೆರಳಿನಲ್ಲಿ ನಿಲ್ಲಿಸಿ, 12.45ಕ್ಕೆ ಎಲ್ಲ ಕಿಟಕಿ ತೆರೆಯಬೇಕು. ಮಕ್ಕಳನ್ನು ಹತ್ತಿಸಿಕೊಂಡು ಹೊರಡದೆ ನಿಲ್ಲಬಾರದು. ಮಗುವಿಗೆ ತಲೆಸುತ್ತು ಬಂದರೆ ನೆರಳಿಗೆ ತಂದು ನೀರು ಕುಡಿಸಬಹುದು. ಮಾತು ತೊದಲಿದರೆ, ಗುರುತು ತಪ್ಪಿದರೆ, ಪ್ರಜ್ಞೆ ಮಂಕಾದರೆ ಬಾಯಿಗೆ ನೀರು ಹಾಕದೆ ಮೈಗೆ ತಣ್ಣೀರು ಸುರಿಯುತ್ತಾ, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು ಎಂಬುದು ಶಿಕ್ಷಕರಿಗೂ ಚಾಲಕರಿಗೂ ಆಯಾಗಳಿಗೂ ಗೊತ್ತಿರಬೇಕು.

ಒಂದು ಮಳೆ ಬಂದಾಗ

ನಮ್ಮ ಜಿಲ್ಲೆಯಲ್ಲಿ ಪತ್ರ ಕೆಡುವುದು ಹೆಚ್ಚಾಗಿ ಇಲ್ಲಿ. ಏಪ್ರಿಲ್ ನಡುವಿನಲ್ಲಿ ಒಂದು ಸಂಜೆ ಗುಡುಗಿ ಒಂದಿಂಚು ಮಳೆ ಬೀಳುತ್ತದೆ. ತೋಟದವರಿಗೆ ಜೀವ ಬರುತ್ತದೆ, ಎಲ್ಲರ ಬಾಯಲ್ಲೂ ಮಳೆಯದೇ ಮಾತು. ಮರುದಿನ ಕಾಲುಭಾಗ ಮಕ್ಕಳು ಹಳೆಯ ವೇಳೆಗೆ, 9.30ಕ್ಕೆ, ಗೇಟಿಗೆ ಬರುತ್ತಾರೆ. ‘ಮಳೆ ಬಂತಲ್ಲ, ಹಾಗಾದರೆ ಎಂದಿನಂತೆ ಅಂದುಕೊಂಡೆವು’ ಎಂಬ ಉತ್ತರ ನನಗೆ ಬಂದಿದೆ, ನಿಮಗೂ ಬರುತ್ತದೆ. ಪತ್ರದಲ್ಲಿ ‘ನಡುವೆ ಮಳೆ ಬಂದರೂ’ ಎಂಬ ಸಾಲು ಇರುವುದು ಇದಕ್ಕೆ. ಆದರೂ ಮಳೆ ಬಿದ್ದ ಸಂಜೆಯೇ ಗುಂಪಿಗೆ ‘ನಾಳೆಯೂ 8.15’ ಎಂದು ಎರಡು ಪದ ಹಾಕಿಬಿಡಿ. ಒಂದು ಮಳೆಗೆ ಬಿಸಿಲು ಇಳಿಯುವುದಿಲ್ಲ; ಮರುದಿನ ನೆಲದ ಹಬೆ ಸೇರಿ ಸೆಕೆ ಹೆಚ್ಚಾಗುವುದೂ ಉಂಟು.

ಈ ಸಂಜೆಯ ಮಳೆಗೆ 4.15ರ ಮಕ್ಕಳು ಸಿಕ್ಕಿಬೀಳುತ್ತಾರೆ. ಗುಡುಗು ಕೇಳಿದರೆ ಗೇಟು ತೆರೆಯಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಬಿಡಿ, ಅಂದು ಮಕ್ಕಳು 5 ಗಂಟೆಗೆ ಮನೆ ಮುಟ್ಟಿದರೂ ಚಿಂತೆಯಿಲ್ಲ. ಆದರೆ ಗುಂಪಿಗೆ ತಿಳಿಸಿ.

ಏರ್ಪಾಡು ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಮೂರನೇ ದಿನ ಎರಡು ಕಡೆ ನೋಡಿದರೆ ಸಾಕು. ಬೆಳಗ್ಗೆ 8.15ರ ಹಾಜರಾತಿ ಪುಸ್ತಕ: ಒಂದೇ ದಾರಿಯ ಮಕ್ಕಳು ಸಾಲಾಗಿ ಗೈರಾಗಿದ್ದರೆ ಅದು ಸೋಮಾರಿತನವಲ್ಲ, ಆ ದಾರಿಯಲ್ಲಿ ಬಸ್ಸಿನದೋ ಆನೆಯದೋ ತೊಂದರೆ ಇದೆ. ಮಧ್ಯಾಹ್ನ 1.30ಕ್ಕೆ ಹೆಂಚಿನ ಕೋಣೆ: ಪಟ್ಟಿಯಲ್ಲಿ ಇರುವುದಕ್ಕಿಂತ ಹೆಚ್ಚು ಮಕ್ಕಳು ಇದ್ದರೆ ಯಾವುದೋ ಚೀಟಿಯಲ್ಲಿ ಬರೆದದ್ದು ನಿಜವಲ್ಲ. ಯಾರ ಮೇಲೂ ಕೂಗಾಡಬೇಡಿ, ಪಟ್ಟಿ ತಿದ್ದಿಕೊಳ್ಳಿ.

16ರಂದು ಮತ್ತೆ ಥರ್ಮಾಮೀಟರ್ ನೋಡಿ, ಹವಾಮಾನ ಇಲಾಖೆಯ ಮುಂದಿನ ಐದು ದಿನದ ಮುನ್ಸೂಚನೆ ನೋಡಿ. ಬಿಸಿಲು ಹಾಗೆಯೇ ಇದ್ದರೆ ಹೊಸ ದಿನಾಂಕದೊಂದಿಗೆ ಇದೇ ಪತ್ರ, ಜೊತೆಗೆ ಹೆಚ್ಚಾಗುವ ಅವಧಿಗಳ ಲೆಕ್ಕ. ಇಳಿದಿದ್ದರೆ ಎರಡು ಸಾಲು ಸಾಕು: ‘ಏಪ್ರಿಲ್ 20, ಸೋಮವಾರದಿಂದ ತರಗತಿಗಳು ಎಂದಿನಂತೆ ಬೆಳಗ್ಗೆ 9.30ರಿಂದ ಮಧ್ಯಾಹ್ನ 3.45. ಬಸ್ಸುಗಳು ಹಳೆಯ ವೇಳೆಗೇ ಬರುತ್ತವೆ. ನೀರಿನ ಬಾಟಲಿ ಮತ್ತು ಕೊಡೆ ಇನ್ನೂ ಚೀಲದಲ್ಲಿರಲಿ.’